ಯಾವುದು ಶಿಶು, ಎಲ್ಲಿಯವರೆಗೆ ಶಿಶು? ಸೌರಫಲಕದ ಸುಂಕವನ್ನು ಹಿಡಿದು ಒಂದು ಲೆಕ್ಕಾಚಾರ

2025ರ ಫೆಬ್ರವರಿಯ ಕೇಂದ್ರ ಬಜೆಟ್‌ನಲ್ಲಿ ಸೌರಫಲಕಗಳ ಮೇಲಿನ ಮೂಲ ಆಮದು ಸುಂಕವನ್ನು ಶೇ 40ರಿಂದ ಶೇ 20ಕ್ಕೆ ಇಳಿಸಲಾಯಿತು. ಸುದ್ದಿಯ ಶೀರ್ಷಿಕೆಯನ್ನಷ್ಟೇ ಓದಿದವರಿಗೆ ಸರ್ಕಾರ ರಕ್ಷಣೆಯನ್ನು ಅರ್ಧಕ್ಕರ್ಧ ಹಿಂತೆಗೆದುಕೊಂಡಿತೆಂದೇ ಅನ್ನಿಸಿರಬೇಕು. ಆದರೆ ಅದೇ ಫಲಕಗಳ ಮೇಲೆ ಅದೇ ದಿನ ಶೇ 20ರಷ್ಟು ಕೃಷಿ ಮೂಲಸೌಕರ್ಯ ಮತ್ತು ಅಭಿವೃದ್ಧಿ ಸೆಸ್ ಬಂದು ಕುಳಿತಿತು. ಒಟ್ಟು ಹೊರೆ ಶೇ 40ರ ಆಸುಪಾಸಿನಲ್ಲೇ ಉಳಿಯಿತು. ಫಲಕದೊಳಗೆ ಬೆಳಕನ್ನು ವಿದ್ಯುತ್ತಾಗಿಸುವ ಸೆಲ್‌ಗಳ ವಿಷಯದಲ್ಲಿಯೂ ಹೀಗೇ ಆಯಿತು: ಮೂಲ ಸುಂಕ ಶೇ 25ರಿಂದ ಶೇ 20ಕ್ಕೆ ಇಳಿದು, ಶೇ 7.5ರ ಸೆಸ್ ಅದರ ಬೆನ್ನಿಗೆ ನಿಂತಿತು. ತಾತ್ಕಾಲಿಕ ಎಂದು ಆರಂಭವಾದ ರಕ್ಷಣೆ ಹೇಗೆ ಬೇರೆ ಹೆಸರಿನಲ್ಲಿ ಮುಂದುವರಿಯುತ್ತದೆ ಎಂಬುದಕ್ಕೆ ಇದಕ್ಕಿಂತ ಅಚ್ಚುಕಟ್ಟಾದ ಉದಾಹರಣೆ ಹುಡುಕುವುದು ಕಷ್ಟ.

ಈ ರಕ್ಷಣೆಯ ಹಿಂದಿರುವ ಶಿಶು ಕೈಗಾರಿಕೆ ವಾದ ಹಳೆಯದು, ಮತ್ತು ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಅಮೆರಿಕದ ಅಲೆಕ್ಸಾಂಡರ್ ಹ್ಯಾಮಿಲ್ಟನ್ 1791ರಲ್ಲಿ, ಜರ್ಮನಿಯ ಫ್ರೆಡ್ರಿಕ್ ಲಿಸ್ಟ್ 1841ರಲ್ಲಿ ಇದನ್ನು ಮಂಡಿಸಿದರು. ಒಂದು ಸರಕನ್ನು ಅಗ್ಗವಾಗಿ ತಯಾರಿಸುವ ವಿದ್ಯೆ ತಯಾರಿಸುತ್ತಲೇ ಬರುವಂಥದ್ದು. ಮೊದಲು ಆರಂಭಿಸಿದ ದೇಶ ಆ ವಿದ್ಯೆಯಲ್ಲಿ ಪಳಗಿರುತ್ತದೆ, ತಡವಾಗಿ ಬಂದ ದೇಶದ ಕಾರ್ಖಾನೆ ಮೊದಲ ಕೆಲವು ವರ್ಷ ದುಬಾರಿಯಾಗಿಯೇ ತಯಾರಿಸುತ್ತದೆ, ಆ ಅವಧಿಯಲ್ಲಿ ಗಡಿಯನ್ನು ತೆರೆದಿಟ್ಟರೆ ಅದು ಕಲಿಯುವ ಮೊದಲೇ ಮುಚ್ಚುತ್ತದೆ, ಆದ್ದರಿಂದ ಕಲಿಯುವಷ್ಟು ಕಾಲ ಆಸರೆ ಕೊಡಬೇಕು ಎಂಬುದು ಅದರ ತಿರುಳು. ವಸಾಹತು ಕಾಲದ ಭಾರತದಲ್ಲೇ 1922ರಲ್ಲಿ ವರದಿ ಕೊಟ್ಟ ಫಿಸ್ಕಲ್ ಕಮಿಷನ್ ಎಂಬ ಸುಂಕ ನೀತಿಯ ಆಯೋಗ ಇಂಥ ರಕ್ಷಣೆಗೆ ಮೂರು ಷರತ್ತುಗಳನ್ನು ಹಾಕಿತ್ತು: ಉದ್ಯಮಕ್ಕೆ ದೇಶದಲ್ಲಿ ಸಹಜವಾದ ಅನುಕೂಲಗಳಿರಬೇಕು, ರಕ್ಷಣೆಯಿಲ್ಲದೆ ಅದು ಬೆಳೆಯಲಾರದು ಎಂದಿರಬೇಕು, ಕೊನೆಗೊಂದು ದಿನ ಆಸರೆಯಿಲ್ಲದೆ ವಿಶ್ವದ ಸ್ಪರ್ಧೆಯನ್ನು ಎದುರಿಸುವಂತಾಗಬೇಕು. ಎರಡು ವರ್ಷಗಳ ನಂತರ ಜಮ್‌ಶೇಡ್‌ಪುರದ ಉಕ್ಕಿಗೆ ಈ ನೀತಿಯಡಿ ರಕ್ಷಣೆ ಸಿಕ್ಕಿತು.

ಷರತ್ತುಗಳು ಕಾಗದದ ಮೇಲೆ ಸರಳ. ಆದರೆ ಅವು ಒಂದು ಪ್ರಶ್ನೆಯನ್ನು ಕೇಳುವುದೇ ಇಲ್ಲ: ಉದ್ಯಮ ಎಂದರೆ ನಿಖರವಾಗಿ ಯಾವುದು? ಉಕ್ಕಿನ ವಿಷಯದಲ್ಲಿ ಅದಿರಿನಿಂದ ಹಳಿಯವರೆಗೆ ಎಲ್ಲವೂ ಒಂದೇ ಆವರಣದಲ್ಲಿ ನಡೆಯುತ್ತಿದ್ದುದರಿಂದ ಈ ಪ್ರಶ್ನೆ ಅಷ್ಟಾಗಿ ಕಾಡಲಿಲ್ಲ. ಸೌರಫಲಕ ಹಾಗಲ್ಲ. ಅದು ನಾಲ್ಕು ಹಂತಗಳ ಸರಪಳಿ, ಹಂತ ಹಂತಕ್ಕೂ ಬೇರೆಯೇ ವಿದ್ಯೆ.

ಮೊದಲ ಹಂತದಲ್ಲಿ ಅತಿ ಶುದ್ಧವಾದ ಪಾಲಿಸಿಲಿಕಾನ್ ತಯಾರಾಗುತ್ತದೆ. ಇದಕ್ಕೆ ರಾಸಾಯನಿಕ ಸ್ಥಾವರ ಬೇಕು, ಅಗಾಧ ಪ್ರಮಾಣದ ಅಗ್ಗದ ವಿದ್ಯುತ್ ಬೇಕು. ಎರಡನೆಯದರಲ್ಲಿ ಆ ಸಿಲಿಕಾನನ್ನು ಕರಗಿಸಿ, ಹರಳುಗಟ್ಟಿಸಿ, ವಜ್ರದ ಪುಡಿ ಲೇಪಿಸಿದ ತಂತಿಯಿಂದ ಕೂದಲೆಳೆಯ ಆಸುಪಾಸಿನ ದಪ್ಪದ ವೇಫರ್‌ಗಳಾಗಿ ಕೊಯ್ಯುತ್ತಾರೆ. ಮೂರನೆಯದರಲ್ಲಿ ವೇಫರ್ ಸೆಲ್ ಆಗುತ್ತದೆ: ಅದರ ಮೇಲ್ಮೈಯನ್ನು ರಾಸಾಯನಿಕದಿಂದ ಒರಟಾಗಿಸಿ, ಎಂಟುನೂರು ಡಿಗ್ರಿ ಸೆಲ್ಸಿಯಸ್ ದಾಟಿದ ಕುಲುಮೆಯಲ್ಲಿ ಹೊರಗಿನ ಧಾತುವನ್ನು ಅಣುಮಟ್ಟದಲ್ಲಿ ಸೇರಿಸಿ, ಬೆಳಕು ಹಿಂದಕ್ಕೆ ಚಿಮ್ಮದಂತೆ ತೆಳು ಲೇಪನ ಕೊಟ್ಟು, ಬೆಳ್ಳಿಯ ಪೇಸ್ಟಿನಿಂದ ಗೆರೆಗಳನ್ನು ಅಚ್ಚು ಹಾಕಿ ಸುಡಬೇಕು. ನೀರಿನಲ್ಲಿ ಚೂರು ಕಲ್ಮಶವಿದ್ದರೂ, ಕುಲುಮೆಯ ಶಾಖ ಕೊಂಚ ಆಚೀಚೆಯಾದರೂ ಸೆಲ್‌ನ ದಕ್ಷತೆ ಬೀಳುತ್ತದೆ. ನಾಲ್ಕನೆಯ ಹಂತವೇ ಜೋಡಣೆ. ಸೆಲ್‌ಗಳನ್ನು ತಾಮ್ರದ ಪಟ್ಟಿಯಿಂದ ಸಾಲಾಗಿ ಬೆಸುಗೆ ಹಾಕಿ, ಗಾಜು ಮತ್ತು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು, ಬಿಸಿ ಒತ್ತುಯಂತ್ರದಲ್ಲಿ ಅಂಟಿಸಿ, ಸುತ್ತ ಅಲ್ಯುಮಿನಿಯಂ ಚೌಕಟ್ಟು, ಹಿಂದೆ ತಂತಿಯ ಪೆಟ್ಟಿಗೆ ಕೂರಿಸಿದರೆ ಫಲಕ ಸಿದ್ಧ. ಇದರ ಯಂತ್ರಸಾಲು ಸಿದ್ಧವಾಗಿಯೇ ಕೊಳ್ಳಲು ಸಿಗುತ್ತದೆ. ಒಂದು ದೊಡ್ಡ ಶೆಡ್ಡು, ತರಬೇತಾದ ಕೆಲಸಗಾರರು ಇದ್ದರೆ ತಿಂಗಳುಗಳಲ್ಲಿ ಉತ್ಪಾದನೆ ಆರಂಭಿಸಬಹುದು.

ನಿಜಕ್ಕೂ ಎಳೆಯದೆನ್ನಬಹುದಾದ ವಿದ್ಯೆ ಇರುವುದು ಮೊದಲ ಮೂರು ಹಂತಗಳಲ್ಲಿ. ಜೋಡಣೆಯಲ್ಲಿ ಕಲಿಯಲು ಉಳಿದಿರುವುದು ಕಡಿಮೆ, ಅದನ್ನು ಭಾರತ ಆಗಲೇ ಬಲ್ಲದು. ಸಾಹಿಬಾಬಾದಿನ ಸರ್ಕಾರಿ ಸಂಸ್ಥೆ ಸೆಂಟ್ರಲ್ ಎಲೆಕ್ಟ್ರಾನಿಕ್ಸ್ 1970ರ ದಶಕದ ಕೊನೆಯಲ್ಲೇ ಸೆಲ್ ಮತ್ತು ಫಲಕ ತಯಾರಿಸಿತ್ತು. ಬೆಂಗಳೂರಿನ ಟಾಟಾ ಬಿಪಿ ಸೋಲಾರ್ 1989ರಲ್ಲಿ ಹುಟ್ಟಿತು. ಈ ಶತಮಾನದ ಮೊದಲ ದಶಕದಲ್ಲಿ ನಮ್ಮ ತಯಾರಕರು ಯುರೋಪಿಗೆ ಫಲಕ ರಫ್ತು ಮಾಡುತ್ತಿದ್ದರು. ಹಾಗೆ ನೋಡಿದರೆ 2018ರಲ್ಲಿ ಮೊದಲ ದೊಡ್ಡ ಸುಂಕ ಬಂದಾಗ ಈ ಶಿಶುವಿಗೆ ನಲವತ್ತು ವರ್ಷವಾಗಿತ್ತು. ಸಮಸ್ಯೆ ಎಳೆತನದ್ದಲ್ಲ, ಗಾತ್ರದ್ದು. ಮತ್ತು ಸರಪಳಿಯ ಮೇಲಿನ ಹಂತಗಳಿಗೆ ನಾವು ಕೈಹಾಕದೇ ಇದ್ದುದರದ್ದು.

ಹಂತವನ್ನು ಗುರುತಿಸುವುದರಲ್ಲಿ ಎಡವಿದರೆ ಏನಾಗುತ್ತದೆ ಎಂಬುದಕ್ಕೆ 2010ರಲ್ಲಿ ಆರಂಭವಾದ ರಾಷ್ಟ್ರೀಯ ಸೌರ ಮಿಷನ್ ಒಳ್ಳೆಯ ಪಾಠ. ಅದರ ಮೊದಲ ಸುತ್ತಿನ ಯೋಜನೆಗಳಲ್ಲಿ ಸಿಲಿಕಾನ್ ಹರಳಿನ ಫಲಕ ಬಳಸುವವರು ದೇಶದಲ್ಲೇ ತಯಾರಾದದ್ದನ್ನು ಬಳಸಬೇಕೆಂಬ ನಿಯಮವಿತ್ತು; ಎರಡನೆಯ ಸುತ್ತಿನಲ್ಲಿ ಸೆಲ್‌ಗಳೂ ದೇಶದವೇ ಆಗಿರಬೇಕೆಂದು ಸೇರಿಸಲಾಯಿತು. ಆದರೆ ತೆಳುಪದರ ಎಂಬ ಇನ್ನೊಂದು ತಂತ್ರಜ್ಞಾನದ ಫಲಕಗಳಿಗೆ ಈ ನಿಯಮ ಅನ್ವಯಿಸುತ್ತಿರಲಿಲ್ಲ. ಅಮೆರಿಕದಲ್ಲಿ ಅಂಥ ಫಲಕ ತಯಾರಿಸುವ ದೊಡ್ಡ ಕಂಪನಿಯಿತ್ತು, ಅದರ ಫಲಕ ಕೊಂಡವರಿಗೆ ರಫ್ತಿಗೆ ನೆರವಾಗುವ ಆ ದೇಶದ ಸರ್ಕಾರಿ ಎಕ್ಸಿಮ್ ಬ್ಯಾಂಕ್ ಕಡಿಮೆ ಬಡ್ಡಿಯ ದೀರ್ಘಾವಧಿ ಸಾಲವನ್ನೂ ಕೊಡುತ್ತಿತ್ತು. ನಮ್ಮ ಯೋಜನಾ ಕಂಪನಿಗಳು ಲೆಕ್ಕ ಹಾಕಿ ಆ ಕಡೆಗೆ ಹೊರಳಿದವು. ಜಗತ್ತಿನ ಉಳಿದೆಡೆ ತೆಳುಪದರದ ಪಾಲು ಚಿಕ್ಕದಾಗಿದ್ದಾಗ ಮಿಷನ್ನಿನ ಮೊದಲ ಹಂತದಲ್ಲಿ ಅದರದೇ ಮೇಲುಗೈಯಾಯಿತು. ಊರ ಕಾಲುವೆಗೆ ಕಟ್ಟೆ ಕಟ್ಟಿ ಪಕ್ಕದ ತೂಬನ್ನು ಮುಚ್ಚಲು ಮರೆತ ಹಾಗಾಯಿತು. ಅಷ್ಟಾದ ಮೇಲೂ ಅಮೆರಿಕವೇ 2013ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು. 2016ರಲ್ಲಿ ಮೇಲ್ಮನವಿಯಲ್ಲೂ ಭಾರತಕ್ಕೆ ಸೋಲಾಯಿತು.

ಮುಂದಿನ ಅಸ್ತ್ರ ಸುಂಕ. 2018ರ ಜುಲೈ ಕೊನೆಯಲ್ಲಿ ಮುಖ್ಯವಾಗಿ ಚೀನಾ ಮತ್ತು ಮಲೇಷ್ಯಾದ ಸೆಲ್ ಹಾಗೂ ಫಲಕಗಳ ಮೇಲೆ ಶೇ 25ರ ಸೇಫ್‌ಗಾರ್ಡ್ ಸುಂಕ, ಅಂದರೆ ಆಮದಿನ ಹಠಾತ್ ಏರಿಕೆಯಿಂದ ದೇಶೀ ಉದ್ಯಮವನ್ನು ಕಾಯುವ ಸುಂಕ, ಬಂತು. ಎರಡನೆಯ ವರ್ಷದ ಮೊದಲಾರ್ಧಕ್ಕೆ ಶೇ 20, ನಂತರದ ಆರು ತಿಂಗಳಿಗೆ ಶೇ 15, ಆಮೇಲೆ ಇಲ್ಲ ಎಂದು ಮೊದಲೇ ಬರೆದಿಟ್ಟ ಈ ಸುಂಕ ತಾತ್ಕಾಲಿಕ ರಕ್ಷಣೆಯ ಮಾದರಿಯಂತಿತ್ತು. ಇಲ್ಲಿಯೇ ಎರಡನೆಯ ತೊಡಕು ಕಾಣಿಸುತ್ತದೆ. ಸೆಲ್ ಕಾರ್ಖಾನೆ ಕಟ್ಟಿ ಪಳಗಲು ವರ್ಷಗಳು ಬೇಕು. ಎರಡೇ ವರ್ಷದಲ್ಲಿ ಆಸರೆ ಹೋಗುತ್ತದೆಂದು ತಿಳಿದವನು ನೂರಾರು ಕೋಟಿ ಹೂಡುವುದಿಲ್ಲ. ಆಸರೆ ಎಂದೂ ಹೋಗುವುದಿಲ್ಲವೆಂದು ನಂಬಿದವನಿಗೆ ಕಲಿಯುವ ಅವಸರವಿರುವುದಿಲ್ಲ. ಸರ್ಕಾರ ಕೊನೆಗೆ ಒಂದು ವರ್ಷ ವಿಸ್ತರಿಸಿತು, ಅದೂ 2021ರ ಜುಲೈಗೆ ಮುಗಿಯಿತು. ಅಷ್ಟರಲ್ಲಿ, 2021ರ ಮಾರ್ಚ್‌ನಲ್ಲೇ, ಮುಂದಿನ ವರ್ಷದ ಏಪ್ರಿಲ್ 1ರಿಂದ ಫಲಕಕ್ಕೆ ಶೇ 40, ಸೆಲ್‌ಗೆ ಶೇ 25 ಸುಂಕವೆಂದು ಪ್ರಕಟಿಸಲಾಗಿತ್ತು. ಒಂದು ಸುಂಕ ಮುಗಿದು ಇನ್ನೊಂದು ಆರಂಭವಾಗುವ ನಡುವೆ ಎಂಟು ತಿಂಗಳು ಗಡಿ ತೆರೆದಿತ್ತು. ವ್ಯಾಪಾರ ಬಲ್ಲವರು ಯಾರಾದರೂ ಏನು ಮಾಡುತ್ತಿದ್ದರೋ ಅದನ್ನೇ ಯೋಜನಾ ಕಂಪನಿಗಳು ಮಾಡಿದವು: ಫಲಕಗಳನ್ನು ರಾಶಿ ರಾಶಿ ತರಿಸಿ ದಾಸ್ತಾನು ಮಾಡಿಕೊಂಡವು. ರಕ್ಷಣೆಯ ಘೋಷಣೆಯೇ ಆಮದಿನ ನೆರೆಯನ್ನು ಕರೆತಂದಿತು.

ಮೂರನೆಯ ತೊಡಕು ಇಷ್ಟು ಕಣ್ಣಿಗೆ ಬೀಳುವಂಥದ್ದಲ್ಲ, ಆದರೆ ನನ್ನ ದೃಷ್ಟಿಯಲ್ಲಿ ಹೆಚ್ಚು ಮುಖ್ಯ. ಶೇಕಡಾ ಲೆಕ್ಕದ ಸುಂಕ ಎದುರಾಳಿಯ ಬೆಲೆಯ ಜೊತೆ ಏರಿಳಿಯುತ್ತದೆ. 2022ರಲ್ಲಿ ವಿದೇಶಿ ಫಲಕ ಒಂದು ವ್ಯಾಟಿಗೆ ಸುಮಾರು 25 ಅಮೆರಿಕನ್ ಸೆಂಟ್ ಇತ್ತು. ಅದರ ಶೇ 40 ಎಂದರೆ 10 ಸೆಂಟ್ ಆಸರೆ. ಚೀನಾದ ಕಾರ್ಖಾನೆಗಳ ಉತ್ಪಾದನೆ ಬೇಡಿಕೆಯನ್ನು ಮೀರಿ 2024ರ ಹೊತ್ತಿಗೆ ಬೆಲೆ 10 ಸೆಂಟಿನ ಸುತ್ತಮುತ್ತ ಕುಸಿಯಿತು. ಅದೇ ಶೇ 40 ಈಗ ಬರೀ 4 ಸೆಂಟ್. ನಮ್ಮ ಕಾರ್ಖಾನೆಗೆ ವಿದೇಶಿಯದಕ್ಕಿಂತ 6 ಸೆಂಟ್ ಹೆಚ್ಚು ತಗಲುತ್ತದೆ ಎಂದಿಟ್ಟುಕೊಂಡರೆ, ಮೊದಲ ಸಂದರ್ಭದಲ್ಲಿ ಅದಕ್ಕೆ ಬೇಕಾದ್ದಕ್ಕಿಂತ 4 ಸೆಂಟ್ ಜಾಸ್ತಿ ರಕ್ಷಣೆ, ಎರಡನೆಯದರಲ್ಲಿ 2 ಸೆಂಟ್ ಕಡಿಮೆ. ಬೆಲೆ ಏರಿ ಕೊಳ್ಳುವವರು ಸಂಕಟದಲ್ಲಿದ್ದಾಗ ರಕ್ಷಣೆ ಅತಿಯಾಗುತ್ತದೆ, ಬೆಲೆ ಬಿದ್ದು ಕಾರ್ಖಾನೆ ಸಂಕಟದಲ್ಲಿದ್ದಾಗ ಸಾಲದಾಗುತ್ತದೆ. ಪಠ್ಯಪುಸ್ತಕದ ಶಿಶು ಬೆಳೆಯುವಾಗ ಎದುರಿಗಿರುವ ದೊಡ್ಡವನು ನಿಂತಲ್ಲೇ ನಿಂತಿರುತ್ತಾನೆ. ನಿಜ ಜೀವನದಲ್ಲಿ ಅವನೂ ಓಡುತ್ತಿರುತ್ತಾನೆ. ಜಗತ್ತಿನ ಒಟ್ಟು ಉತ್ಪಾದನೆ ದುಪ್ಪಟ್ಟಾದಾಗಲೆಲ್ಲ ಫಲಕದ ಬೆಲೆ ಸುಮಾರು ಐದನೇ ಒಂದು ಭಾಗ ಇಳಿಯುತ್ತ ಬಂದಿದೆ, ಆ ದುಪ್ಪಟ್ಟಿನ ಬಹುಪಾಲು ಚೀನಾದಲ್ಲೇ ಆಗುತ್ತಿದೆ. ತಂತ್ರಜ್ಞಾನವೂ ಅಷ್ಟೇ ವೇಗವಾಗಿ ಬದಲಾಗುತ್ತಿದ್ದು, ನಾವು ಯಂತ್ರ ಕೊಂಡು ಪಳಗುವಷ್ಟರಲ್ಲಿ ಆ ಬಗೆಯ ಸೆಲ್ ಹಳತಾಗುತ್ತದೆ.

ಸುಂಕ ಸಾಲದೆಂದು ಕಂಡಾಗ ಸರ್ಕಾರ ಪಟ್ಟಿಯನ್ನು ನೆಚ್ಚಿಕೊಂಡಿತು. ಅನುಮೋದಿತ ಮಾದರಿ ಮತ್ತು ತಯಾರಕರ ಪಟ್ಟಿ, ಅಂದರೆ ಎಎಲ್‌ಎಂಎಂ, 2019ರ ಆದೇಶದಿಂದ ಹುಟ್ಟಿತು. ಸರ್ಕಾರಿ ನೆರವಿನ ಯೋಜನೆಗಳಲ್ಲಿ ಈ ಪಟ್ಟಿಯಲ್ಲಿರುವ ಫಲಕಗಳನ್ನೇ ಬಳಸಬೇಕು. ಗುಣಮಟ್ಟದ ನಿಯಮದಂತೆ ಕಾಣುವ ಈ ಪಟ್ಟಿಯಲ್ಲಿ ವಿದೇಶಿ ಕಾರ್ಖಾನೆಗಳು ಸೇರಲೇ ಇಲ್ಲ, ಹಾಗಾಗಿ ಅದು ಆಮದಿನ ಮೇಲಿನ ತಡೆಯಾಗಿಯೇ ಕೆಲಸ ಮಾಡಿತು. ದೇಶೀ ಫಲಕ ಸಾಲದೆ ಯೋಜನೆಗಳು ತಡವಾದಾಗ 2023–24ರ ಒಂದು ವರ್ಷ ಅದನ್ನು ಅಮಾನತಿನಲ್ಲಿಟ್ಟು, 2024ರ ಏಪ್ರಿಲ್‌ನಿಂದ ಮತ್ತೆ ಜಾರಿಗೆ ತರಲಾಯಿತು. ಸುಂಕಕ್ಕೂ ಪಟ್ಟಿಗೂ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಸುಂಕವಿದ್ದಾಗ ದೇಶೀ ತಯಾರಕ ಎಷ್ಟೇ ಸೋಮಾರಿಯಾದರೂ ಅವನ ಬೆಲೆಗೊಂದು ಮೇಲ್ಮಿತಿ ಇರುತ್ತದೆ: ವಿದೇಶಿ ಬೆಲೆ ಮತ್ತು ಸುಂಕದ ಮೊತ್ತ. ಪಟ್ಟಿಯಿದ್ದಾಗ ಆ ಮೇಲ್ಮಿತಿ ಇಲ್ಲ. ಸರ್ಕಾರದ ಬೊಕ್ಕಸಕ್ಕೂ ಏನೂ ಬರುವುದಿಲ್ಲ, ಬೆಲೆಯ ಅಂತರ ಪೂರ್ತಿ ತಯಾರಕನಿಗೆ ಸೇರುತ್ತದೆ.

ಇದಕ್ಕೆಲ್ಲ ತಗಲುವ ವೆಚ್ಚವೆಷ್ಟು, ಅದು ವಾಪಸು ಬರುತ್ತದೆಯೇ? ಹತ್ತೊಂಬತ್ತನೆಯ ಶತಮಾನದ ಅರ್ಥಶಾಸ್ತ್ರಜ್ಞ ಬ್ಯಾಸ್ಟೆಬಲ್ ಹೇಳಿದ ಪರೀಕ್ಷೆ ಇದನ್ನೇ ಕೇಳುತ್ತದೆ: ಶಿಶು ಬೆಳೆದು ನಿಂತರೆ ಸಾಲದು, ಬೆಳೆಸಿದ ಖರ್ಚನ್ನು ಬಡ್ಡಿ ಸಮೇತ ತೀರಿಸಬೇಕು. ಒಂದು ಅಂದಾಜು ಲೆಕ್ಕ ಹಾಕಿ ನೋಡೋಣ. ದೇಶೀ ಫಲಕ ಸುಂಕವಿಲ್ಲದ ವಿದೇಶಿ ಫಲಕಕ್ಕಿಂತ ವ್ಯಾಟಿಗೆ ₹4 ದುಬಾರಿ ಎಂದುಕೊಳ್ಳೋಣ. ಒಂದು ಮೆಗಾವ್ಯಾಟ್ ಎಂದರೆ ಹತ್ತು ಲಕ್ಷ ವ್ಯಾಟ್, ಹಾಗಾಗಿ ಮೆಗಾವ್ಯಾಟಿಗೆ ₹40 ಲಕ್ಷ ಹೆಚ್ಚು ಖರ್ಚು. ತುಮಕೂರು ಜಿಲ್ಲೆಯ ಪಾವಗಡದ ಸೌರ ಉದ್ಯಾನದ ಸಾಮರ್ಥ್ಯ ಸುಮಾರು 2,000 ಮೆಗಾವ್ಯಾಟ್; ಅಂಥದ್ದೇ ಇನ್ನೊಂದನ್ನು ಇಂದು ಕಟ್ಟಿದರೆ ಫಲಕದ ಬಾಬ್ತಿನಲ್ಲೇ ₹800 ಕೋಟಿ ಹೆಚ್ಚುವರಿ. ದೇಶದಾದ್ಯಂತ ವರ್ಷಕ್ಕೆ 20 ಗಿಗಾವ್ಯಾಟ್ ಸ್ಥಾಪನೆಯಾದರೆ ವರ್ಷಕ್ಕೆ ₹8,000 ಕೋಟಿ, ಐದು ವರ್ಷಕ್ಕೆ ₹40,000 ಕೋಟಿ. ಶೇ 8ರ ಬಡ್ಡಿ ಸೇರಿಸಿದರೆ ಐದನೆಯ ವರ್ಷದ ಕೊನೆಗೆ ಇದು ಸುಮಾರು ₹47,000 ಕೋಟಿಯಾಗುತ್ತದೆ. ಈ ಮೊತ್ತದ ಬಡ್ಡಿಯನ್ನಷ್ಟೇ ತೀರಿಸಲು ಆರನೆಯ ವರ್ಷದಿಂದ ವರ್ಷಕ್ಕೆ ಸುಮಾರು ₹3,750 ಕೋಟಿ ಉಳಿತಾಯವಾಗಬೇಕು, ಅಂದರೆ ದೇಶೀ ಫಲಕ ವಿದೇಶಿಯದಕ್ಕಿಂತ ವ್ಯಾಟಿಗೆ ಹೆಚ್ಚುಕಡಿಮೆ ₹1.90 ಅಗ್ಗವಾಗಿರಬೇಕು, ಅದೂ ಶಾಶ್ವತವಾಗಿ. ವಿದೇಶಿ ಫಲಕವೇ ವ್ಯಾಟಿಗೆ ₹9ರ ಸುಮಾರಿಗೆ ಸಿಗುವಾಗ ಇದು ಐದರಲ್ಲಿ ಒಂದು ಭಾಗ. ಸರಿಸಮಾನವಾದರೆ ಸಾಕೆಂದು ನಾವು ಸಾಮಾನ್ಯವಾಗಿ ಭಾವಿಸುತ್ತೇವೆ. ಲೆಕ್ಕ ಹಾಗೆ ಹೇಳುವುದಿಲ್ಲ.

ಈ ಲೆಕ್ಕದ ಎದುರು ಎರಡು ವಾದಗಳಿಗೆ ನಿಜವಾದ ತೂಕವಿದೆ. ಒಂದು, ಕಾರ್ಖಾನೆಯಲ್ಲಿ ಕಲಿತ ವಿದ್ಯೆ ಅದರ ಗೋಡೆಯೊಳಗೆ ಉಳಿಯುವುದಿಲ್ಲ. ಎಂಜಿನಿಯರುಗಳು ಕೆಲಸ ಬದಲಿಸುತ್ತಾರೆ, ಬಿಡಿಭಾಗ ಕೊಡುವವರು ಬೆಳೆಯುತ್ತಾರೆ; ಆ ಲಾಭ ಮೇಲಿನ ಮೊತ್ತದಲ್ಲಿ ಸೇರಿಲ್ಲ. ಆದರೆ ಇಂಥ ಕಲಿಕೆ ಹೆಚ್ಚಾಗಿ ಆಗುವುದು ಸೆಲ್ ಮತ್ತು ವೇಫರಿನಲ್ಲಿ, ಜೋಡಣೆಯಲ್ಲಲ್ಲ. ಎರಡು, ಎಲ್ಲ ಹಂತಗಳಲ್ಲೂ ಜಗತ್ತಿನ ಶೇ 80ಕ್ಕೂ ಹೆಚ್ಚು ಸಾಮರ್ಥ್ಯ ಒಂದೇ ದೇಶದ ಕೈಯಲ್ಲಿರುವಾಗ ಅದರ ಮೇಲೆ ಪೂರ್ತಿ ಅವಲಂಬಿಸುವುದು ಅಪಾಯ. ಇದನ್ನು ಒಪ್ಪುತ್ತೇನೆ. ಆದರೆ ಇದು ಶಿಶು ಕೈಗಾರಿಕೆಯ ವಾದವಲ್ಲ, ವಿಮೆಯ ವಾದ. ವಿಮೆಯ ಕಂತನ್ನು ಪ್ರತಿವರ್ಷ ಕಟ್ಟುತ್ತಿರಬೇಕು, ಅದು ಎಂದೋ ಒಂದು ದಿನ ಮುಗಿಯುತ್ತದೆಂದು ಯಾರೂ ಹೇಳುವುದಿಲ್ಲ. ಒಂದನ್ನು ಹೇಳಿ ಇನ್ನೊಂದನ್ನು ಮಾಡಿದರೆ ಯಾವುದರ ಲೆಕ್ಕವೂ ಸಿಗದಂತಾಗುತ್ತದೆ. ಅಲ್ಲದೆ ವಿಮೆಯೇ ಉದ್ದೇಶವಾದರೆ ಜೋಡಣೆಗೆ ರಕ್ಷಣೆ ಕೊಟ್ಟು ಪ್ರಯೋಜನವಿಲ್ಲ. ವೇಫರ್ ಬರುವುದು ನಿಂತ ದಿನ ಜೋಡಣೆಯ ಶೆಡ್ಡೂ ನಿಲ್ಲುತ್ತದೆ.

ಖರ್ಚು ಕಾಣುವ ರೀತಿಯಲ್ಲೂ ವ್ಯತ್ಯಾಸವಿದೆ. ಸೌರಫಲಕ ತಯಾರಿಕೆಗೆ ಕೇಂದ್ರ ಎರಡು ಕಂತುಗಳಲ್ಲಿ ಘೋಷಿಸಿದ ಉತ್ಪಾದನೆ ಆಧಾರಿತ ಪ್ರೋತ್ಸಾಹಧನ, ಪಿಎಲ್‌ಐ, ಒಟ್ಟು ₹24,000 ಕೋಟಿ. ಅದು ಬಜೆಟ್ ಪುಸ್ತಕದಲ್ಲಿದೆ, ಸಂಸತ್ತು ಪ್ರಶ್ನಿಸಬಹುದು, ಯಾರಿಗೆ ಎಷ್ಟು ಸಿಕ್ಕಿತೆಂದು ಕೇಳಬಹುದು, ಮಾರಾಟವಾದ ಫಲಕಕ್ಕಷ್ಟೇ ಅದು ಸಿಗುತ್ತದೆ, ಸರಪಳಿಯ ಹೆಚ್ಚು ಹಂತಗಳನ್ನು ಕಟ್ಟುವವರಿಗೆ ಆದ್ಯತೆಯೂ ಇದೆ. ಸುಂಕದ ಮತ್ತು ಪಟ್ಟಿಯ ಹೊರೆ ಹೀಗೆ ಒಂದೆಡೆ ಬರೆದಿರುವುದಿಲ್ಲ. ವಿದ್ಯುತ್ ಖರೀದಿ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಕಾನೂನು ಬದಲಾವಣೆಯ ಕಲಮು ಇರುತ್ತದೆ. ಒಪ್ಪಂದದ ನಂತರ ಬಂದ ಸುಂಕವನ್ನು ಯೋಜನಾ ಕಂಪನಿ ಅದರ ಅಡಿಯಲ್ಲಿ ವಿದ್ಯುತ್ ಸರಬರಾಜು ಕಂಪನಿಯಿಂದ ವಸೂಲು ಮಾಡುತ್ತದೆ. ಅಲ್ಲಿಂದ ಅದು ಯೂನಿಟ್ ದರದೊಳಗೆ ಕರಗಿ ಮನೆಮನೆಯ ಬಿಲ್ಲಿಗೆ ಇಳಿಯುತ್ತದೆ. ಕೊಡುವವನಿಗೆ ತಾನು ಕೊಡುತ್ತಿರುವುದು ಗೊತ್ತಿಲ್ಲ, ಪಡೆಯುವವನಿಗೆ ಚೆನ್ನಾಗಿ ಗೊತ್ತು. ಹಾಗಾಗಿ ಅವಧಿ ಮುಗಿಯುವ ಹೊತ್ತಿಗೆ ದೆಹಲಿಯ ಕಚೇರಿಗಳ ಬಾಗಿಲು ತಟ್ಟುವವರು ಒಂದೇ ಕಡೆಯವರಾಗಿರುತ್ತಾರೆ.

ಹಾಗಾದರೆ ಚೀನಾ ಹೇಗೆ ಬೆಳೆಯಿತು ಎಂದು ಕೇಳಬಹುದು. ಅದರ ಮೊದಲ ಪೀಳಿಗೆಯ ಫಲಕ ಕಂಪನಿಗಳು ಬೆಳೆದದ್ದು ತವರಿನ ಮಾರುಕಟ್ಟೆಯ ರಕ್ಷಣೆಯಿಂದಲ್ಲ, ಆಗ ಅಲ್ಲಿ ಹೇಳಿಕೊಳ್ಳುವಂಥ ಮಾರುಕಟ್ಟೆಯೇ ಇರಲಿಲ್ಲ. 2001ರಲ್ಲಿ ವೂಶಿ ನಗರದಲ್ಲಿ ಆರಂಭವಾದ ಸನ್‌ಟೆಕ್ ಜರ್ಮನಿಯಂಥ ದೇಶಗಳಿಗೆ ಮಾರಿ ಬೆಳೆಯಿತು. ಅಗ್ಗದ ಸಾಲ, ಸ್ಥಳೀಯ ಸರ್ಕಾರದ ನೆರವು ಧಾರಾಳವಾಗಿದ್ದವು. ಆದರೆ ಕೊಳ್ಳುವವನು ಹೊರಗಿನವನು, ಬೆಲೆ ಸರಿಯಿಲ್ಲದಿದ್ದರೆ ಅವನು ಬೇರೆಡೆಗೆ ಹೋಗುತ್ತಿದ್ದ. 2013ರಲ್ಲಿ ಸಾಲ ತೀರಿಸಲಾಗದೆ ಸನ್‌ಟೆಕ್‌ನ ಮುಖ್ಯ ಘಟಕ ದಿವಾಳಿಯಾದಾಗ ಅದನ್ನು ದಿವಾಳಿಯಾಗಲು ಬಿಡಲಾಯಿತು. ಸುಂಕ ಬಂದದ್ದು ಆಮೇಲೆ, ಅದೂ ಸರಪಳಿಯ ತುದಿಯಲ್ಲಿ: 2014ರ ಹೊತ್ತಿಗೆ ಅಮೆರಿಕ ಮತ್ತು ಕೊರಿಯಾದ ಪಾಲಿಸಿಲಿಕಾನ್ ಮೇಲೆ. ಅಷ್ಟರಲ್ಲಿ ಆ ಸಿಲಿಕಾನನ್ನು ಕೊಳ್ಳುವ ದೊಡ್ಡ ಗಿರಾಕಿಗಳು ದೇಶದೊಳಗೇ ಸಿದ್ಧರಿದ್ದರು. ಆ ಕಥೆಯಲ್ಲಿ ಅನುಕರಿಸಬಾರದ್ದೂ ಬಹಳವಿದೆ, ಆದರೆ ರಕ್ಷಣೆಯ ಕ್ರಮ ಮತ್ತು ಸ್ಥಾನವನ್ನು ಗಮನಿಸುವುದರಲ್ಲಿ ತಪ್ಪಿಲ್ಲ.

ನಮ್ಮ ಶಿಶು ಬೆಳೆಯುತ್ತಿದೆಯೇ ಎಂದು ತಿಳಿಯಲು ಕಾರ್ಖಾನೆಗಳ ಸಾಮರ್ಥ್ಯವನ್ನು ಎಣಿಸಿದರೆ ಸಾಲದು. 2025ರ ಆಗಸ್ಟ್‌ನಲ್ಲಿ ಪಟ್ಟಿಯಲ್ಲಿರುವ ಫಲಕ ತಯಾರಿಕೆಯ ಸಾಮರ್ಥ್ಯ 100 ಗಿಗಾವ್ಯಾಟ್ ಮುಟ್ಟಿತು, ಸೆಲ್‌ಗಳದ್ದು ಅದಕ್ಕಿಂತ ಬಹಳ ಹಿಂದಿತ್ತು. ಸುಲಭದ ಹಂತಕ್ಕೆ ಹಣ ನುಗ್ಗಿದೆ ಎಂಬುದನ್ನೇ ಈ ಅಂತರ ತೋರಿಸುತ್ತದೆ. ರಫ್ತಿನ ಅಂಕಿಯನ್ನೂ ಎಚ್ಚರದಿಂದ ಓದಬೇಕು. ಇತ್ತೀಚಿನ ವರ್ಷಗಳಲ್ಲಿ ನಮ್ಮ ಫಲಕ ರಫ್ತು ಬಹುತೇಕ ಪೂರ್ತಿ ಅಮೆರಿಕಕ್ಕೇ ಹೋಗಿದೆ, ಮತ್ತು ಅಮೆರಿಕ ಚೀನಾದ ಫಲಕಕ್ಕೆ ತನ್ನ ಬಾಗಿಲನ್ನು ಮುಚ್ಚಿಕೊಂಡಿದೆ. ಎದುರಾಳಿಯೇ ಇಲ್ಲದ ಅಖಾಡದಲ್ಲಿ ಗೆದ್ದದ್ದು ಪರೀಕ್ಷೆಯಾಗದು. 2025ರ ಆಗಸ್ಟ್‌ನಲ್ಲಿ ಆ ದೇಶ ಭಾರತದ ಸರಕಿನ ಮೇಲೆ ಶೇ 50ರ ಸುಂಕ ಹಾಕಿದಾಗ ಆ ಗೆಲುವು ಎಷ್ಟು ತೆಳುವೆಂದು ಕಂಡಿತು. ನೋಡಬೇಕಾದ್ದು ಒಂದೇ ಸಂಖ್ಯೆಯನ್ನು: ದೇಶೀ ಫಲಕದ ಬೆಲೆಗೂ ಬಂದರಿಗೆ ಬಂದು ಇಳಿದ ಸುಂಕರಹಿತ ವಿದೇಶಿ ಫಲಕದ ಬೆಲೆಗೂ ಇರುವ ಅಂತರವನ್ನು, ಅದರೊಳಗಿನ ಸೆಲ್ ಎಲ್ಲಿಯದು ಎಂಬ ವಿವರದ ಜೊತೆಗೆ. ಈ ಅಂತರ ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿದ್ದರೆ ಕಲಿಕೆ ನಡೆದಿದೆ ಎಂದರ್ಥ. ಸುಂಕವನ್ನು ಕ್ಯಾಲೆಂಡರಿಗೆ ಬದಲಾಗಿ ಈ ಅಂತರಕ್ಕೆ ಕಟ್ಟಿದ್ದರೆ, ಅದನ್ನು ಸರ್ಕಾರವೇ ಪ್ರತಿ ಆರು ತಿಂಗಳಿಗೊಮ್ಮೆ ಪ್ರಕಟಿಸಿದ್ದರೆ, ಫೆಬ್ರವರಿಯ ಬಜೆಟ್‌ನಲ್ಲಿ ಹೆಸರು ಬದಲಿಸುವ ಅಗತ್ಯ ಬೀಳುತ್ತಿರಲಿಲ್ಲ.

2024ರ ಡಿಸೆಂಬರ್‌ನಲ್ಲಿ ಸರ್ಕಾರ ಇನ್ನೊಂದು ಹೆಜ್ಜೆ ಇಟ್ಟು, 2026ರ ಜೂನ್ 1ರಿಂದ ಅನುಮೋದಿತ ಪಟ್ಟಿಯನ್ನು ಸೆಲ್‌ಗಳಿಗೂ ಅನ್ವಯಿಸುವ ಆದೇಶ ಹೊರಡಿಸಿತು. ಕಲಿಯಬೇಕಾದ ಹಂತದ ಕಡೆಗೆ ರಕ್ಷಣೆ ಕೊನೆಗೂ ಸರಿದಿದೆ ಎಂಬ ಮಟ್ಟಿಗೆ ಇದು ಸರಿಯಾದ ದಿಕ್ಕು. ಆದರೆ ಸ್ವಂತ ಸೆಲ್ ಘಟಕವಿಲ್ಲದೆ ಬರೀ ಜೋಡಣೆಯ ಶೆಡ್ಡು ಕಟ್ಟಿದ ತಯಾರಕರು, ನಿನ್ನೆಯವರೆಗೆ ರಕ್ಷಣೆ ಪಡೆಯುತ್ತಿದ್ದವರು, ಇನ್ನು ಮುಂದೆ ದುಬಾರಿ ದೇಶೀ ಸೆಲ್ ಕೊಳ್ಳುವ ಗಿರಾಕಿಗಳಾಗುತ್ತಾರೆ.